‘ನೋಡುವ’ ಎಂದರೆ ಇಲ್ಲ ಅಂತ

ಕುಂಬ್ರದ ಅಡಿಕೆ ಹಾಳೆ ತಟ್ಟೆ ಕಾರ್ಖಾನೆಯಲ್ಲಿ ಹೊರದೇಶದ ಮೇಲ್‌ಗಳನ್ನು ಬರೆಯುತ್ತಿದ್ದವಳು ನಾನೇ, ಒಂಬತ್ತು ವರ್ಷ. ಮಾಲೀಕರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಒಡಹುಟ್ಟಿದ ಅಣ್ಣನೂ ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟವನಲ್ಲ, ಹಾಗಾಗಿ.

ಆ ಸಲ ಹಾಲೆಂಡಿನ ಗಿರಾಕಿ ಒಂದೇ ಸಾಲು ಬರೆದಿದ್ದ: ಜುಲೈಯಲ್ಲಿ ಇನ್ನೊಂದು ಲೋಡು ಕಳಿಸಲು ಆಗುತ್ತದೆಯೇ, ಇಲ್ಲವೇ?

“ನೋಡುವ ಅಂತ ಬರಿ ಮಾರಾಯ್ತಿ,” ಎಂದರು ಅಣ್ಣ.

“ನಮ್ಮೂರಲ್ಲಿ ನೋಡುವ ಅಂದ್ರೆ ಇಲ್ಲ ಅಂತ. ಅವ ಅದನ್ನು ಹೌದು ಅಂತ ಓದಿ ಹಡಗಲ್ಲಿ ಜಾಗ ಬುಕ್ ಮಾಡ್ತಾನೆ ಅಣ್ಣ. ಮತ್ತೆ ಎಂತ ಮಾಡುದು?”

“ಹಾಗಾದ್ರೆ ನೀನೇ ಬರಿ. ನಿಂಗೆ ಗೊತ್ತುಂಟಲ್ಲ.”

ಬರೆದೆ. ಜುಲೈಯಲ್ಲಿ ಆಗುವುದಿಲ್ಲ. ಮಳೆಗೆ ಹಾಳೆ ಒಣಗುವುದಿಲ್ಲ, ಒಣಗದ ತಟ್ಟೆಗೆ ಬೂಷ್ಟು ಬರುತ್ತದೆ. ಮುಂದಿನ ಲೋಡು ನವೆಂಬರಿನಲ್ಲಿ. ಕ್ಷಮೆ, ದಯವಿಟ್ಟು, ಎಲ್ಲ ಕಿತ್ತು ಹಾಕಿದೆ. ಅಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದೆ. “ಪೆಟ್ಟು ಕೊಟ್ಟ ಹಾಗೆ ಉಂಟು,” ಎಂದು ನಕ್ಕರು. ಕಳಿಸು ಎಂದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಸ್ಪಷ್ಟವಾಗಿದೆ, ಧನ್ಯವಾದ, ನವೆಂಬರ್ ಸರಿ.

ಅಣ್ಣನಿಗೆ ಎಷ್ಟು ಖುಷಿ ಎಂದರೆ, ಅದೇ ಮೇಲನ್ನು ತಮ್ಮ ಮೊಬೈಲಿನಿಂದ ಶಾರ್ಜಾದ ಹಳೆ ಗಿರಾಕಿಗೂ ಕಳಿಸಿಬಿಟ್ಟರು. ಅವರೂ ಜುಲೈಯ ಮಾಲು ಕೇಳಿದ್ದರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಶಾರ್ಜಾದವರಿಗೆ ನಾನು ಬರೆಯುವ ಕ್ರಮವೇ ಬೇರೆ. ಮೊದಲು ಸಲಾಂ, ಆಮೇಲೆ ಅವರ ಮೊಣಕಾಲು ನೋವು, ಮೊಮ್ಮಗಳ ಓದು. ಆಗುವುದಿಲ್ಲ ಎನ್ನುವುದು ಕೊನೆಗೆ, ಅದೂ ‘ದೇವರ ದಯೆಯಿಂದ ಬಿಸಿಲು ಬಂದ ಕೂಡಲೇ ನಿಮ್ಮದೇ ಮೊದಲು’ ಎಂಬ ರೂಪದಲ್ಲಿ.

ಮರುದಿನ ಅವರ ಫೋನು ಬಂತು. ಅಣ್ಣ ಸ್ಪೀಕರಿಗೆ ಹಾಕಿದರು. ಇಷ್ಟು ವರ್ಷದ ಮೇಲೆ ತಮಗೆ ಒಂದು ಸಲಾಮೂ ಇಲ್ಲವೇ ಎಂದು ಅವರು ಹಿಂದಿಯಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

ಅಣ್ಣ ನನ್ನ ಮುಖ ನೋಡುತ್ತಲೇ ಹೇಳಿದರು, ತಮ್ಮ ಹರಕುಮುರುಕು ಹಿಂದಿಯಲ್ಲಿ: ಅದು ಆಫೀಸಿನ ಹೆಂಗಸು ಕಳಿಸಿದ್ದು, ನನಗೆ ಗೊತ್ತೇ ಇಲ್ಲ, ಅವಳಿಗೆ ಮಾತಾಡುವ ಕ್ರಮ ಗೊತ್ತಿಲ್ಲ.

ಫೋನಿಟ್ಟ ಮೇಲೆ, “ಬೇಜಾರು ಮಾಡ್ಬೇಡ, ಗಿರಾಕಿ ಉಳಿಬೇಕಲ್ಲ,” ಎಂದರು. “ಈಗ ನೀನೇ ಒಂದು ಚಂದದ ಮೇಲ್ ಬರಿ. ತಪ್ಪು ನಿಂದು ಅಂತ.”

ಮಾತಾಡುವ ಕ್ರಮ ಗೊತ್ತಿಲ್ಲದವಳ ಹತ್ತಿರವೇ ಚಂದದ ಮೇಲ್.

ಬರೆದೆ. ಸಲಾಂ, ಮೊಣಕಾಲು, ಮೊಮ್ಮಗಳು, ಬಿಸಿಲು, ಎಲ್ಲವೂ ಇತ್ತು. ಆ ಮುದುಕರದೇನು ತಪ್ಪು? ನನ್ನ ತಪ್ಪು ಎಂಬ ಸಾಲು ಮಾತ್ರ ಬರೆಯಲಿಲ್ಲ. ಅದಕ್ಕೆ ಜಾಗ ಬಿಟ್ಟು, “ಅಲ್ಲಿ ನಿಮಗೆ ಬೇಕಾದ್ದು ಹಾಕಿ ನೀವೇ ಕಳಿಸಿ, ಅಣ್ಣ,” ಎಂದು ಚೀಲ ಹೆಗಲಿಗೆ ಹಾಕಿದೆ.

“ನಾಳೆ ಬರ್ತಿಯಲ್ಲ?” ಎಂದು ಕೇಳಿದರು.

“ನೋಡುವ,” ಎಂದೆ.

ಅವರ ಮುಖ ಇಳಿಯಿತು. ಹಾಲೆಂಡಿನವನಾಗಿದ್ದರೆ ನಾಳೆ ನನ್ನ ಕುರ್ಚಿ ಒರೆಸಿಟ್ಟು ಕಾಯುತ್ತಿದ್ದ.