ಕಳಾವರ್ ರಾಜನನ್ನು ಇಸ್ಪೀಟ್ ರಾಜ ಎಂದೆ

ಲಲಿತಕ್ಕ, ನಿನ್ನ ಮದುವೆ ತಪ್ಪಿಸಿದ್ದು ನಾನು. ನಿನ್ನ ಗ್ರಹಚಾರವಲ್ಲ, ಅಪ್ಪನ ಹಟವಲ್ಲ, ಆ ಇಸ್ಪೀಟೆಲೆಗಳೂ ಅಲ್ಲ. ಎಲೆಗಳು ಅವತ್ತು ಸರಿಯಾಗಿಯೇ ಬಿದ್ದಿದ್ದವು. ಸುಳ್ಳು ಹೇಳಿದವಳು ನಿನ್ನ ತಂಗಿ, ಮಿಡ್ಲ್‌ಸ್ಕೂಲನ್ನೂ ಮುಗಿಸದ ಈ ಸೀತು.

ದಂಡಿನ ಕಡೆ ರೂಬಿ ಮೇಡಂ ಹತ್ತಿರ ನಾನು ಹೊಲಿಗೆ ಕಲಿಯಲು ಹೋಗುತ್ತಿದ್ದೆನಲ್ಲ — ಕಲಿತದ್ದು ಅರ್ಧ ಹೊಲಿಗೆ, ಅರ್ಧ ಎಲೆಶಾಸ್ತ್ರ. ಮಧ್ಯಾಹ್ನ ಮಿಷನ್ ನಿಲ್ಲಿಸಿ ಆಕೆ ಎಲೆ ಹಾಕುತ್ತಿದ್ದರು. ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟುಬಿಡಬೇಕು. ಉಳಿದ ಮೂವತ್ತೆರಡನ್ನು ಕಲೆಸಿ, ಕೇಳುವವರ ಎಡಗೈಯಿಂದ ಕಟ್ ಮಾಡಿಸಿ, ಸಾಲಿಗೆ ಎಂಟರಂತೆ ನಾಲ್ಕು ಸಾಲು ಹರಡಬೇಕು. ಕೆಂಪು ಹೃದಯದ ಆಟೀನ್ ಅಂದರೆ ಮನೆ, ಮನಸ್ಸು, ಪ್ರೀತಿ. ಡೈಮಂಡ್ ಅಂದರೆ ದುಡ್ಡು, ಕಾಗದಪತ್ರ, ಪ್ರಯಾಣ. ಮೂರೆಸಳಿನ ಕಳಾವರ್ ಅಂದರೆ ಕೆಲಸ, ಸ್ನೇಹ, ಕೈಗೂಡುವ ಅದೃಷ್ಟ. ಇನ್ನು ಇಸ್ಪೀಟ್ — ಕಾಯಿಲೆ, ಜಗಳ, ನಷ್ಟ, ಕಣ್ಣೀರು. ನೆನೆದದ್ದನ್ನು ಕೊಡುವುದು ಆಟೀನ್ ಒಂಬತ್ತು. ಇಡೀ ಕಟ್ಟಿನಲ್ಲಿ ಅತಿ ಕೆಟ್ಟದ್ದು ಇಸ್ಪೀಟ್ ಒಂಬತ್ತು.

ರಾಜ, ರಾಣಿ, ಗುಲಾಮ ಮಾತ್ರ ಮನುಷ್ಯರು. ಯಾರು ಯಾವ ಜಾತಿಯ ಎಲೆ ಅನ್ನುವುದನ್ನು ಕೂದಲ ಬಣ್ಣದಿಂದ ತಿಳಿಯಬೇಕು ಎಂದಿದ್ದರು ಮೇಡಂ. ಹೊಂಬಣ್ಣದವರು ಡೈಮಂಡ್, ತಿಳಿಕಂದಿನವರು ಆಟೀನ್, ಗಾಢಕಂದಿನವರು ಕಳಾವರ್, ಕಪ್ಪು ಕೂದಲಿನವರು ಇಸ್ಪೀಟ್. ನಾನು ಮನೆಗೆ ಬಂದು ಎಲ್ಲರ ತಲೆ ನೋಡಿದೆ. ಅಪ್ಪ, ನೀನು, ಹಾಲಿನವನು, ಪುರೋಹಿತರು, ಜಯನಗರದ ಸಮಸ್ತರೂ ಇಸ್ಪೀಟ್. ತಲೆ ನೆರೆತಿದ್ದ ನಮ್ಮ ಅಜ್ಜಿಗೆ ಮಾತ್ರ ಎಲೆಯೇ ಇಲ್ಲ. ಮಾರನೆಯ ದಿನ ಕೇಳಿದ್ದಕ್ಕೆ ಮೇಡಂ ಬಾಯಲ್ಲಿದ್ದ ಗುಂಡುಸೂಜಿ ಉದುರಿಸಿಕೊಂಡು ನಕ್ಕರು. ಹಾಗಾದರೆ ನಿಮ್ಮವರ ಮೈಬಣ್ಣ ನೋಡು ಎಂದರು. ತೀರಾ ಬಿಳುಪು ಡೈಮಂಡ್, ಗೋಧಿಬಣ್ಣ ಆಟೀನ್, ಎಣ್ಣೆಗೆಂಪು ಕಳಾವರ್, ಅಚ್ಚಕಪ್ಪು ಇಸ್ಪೀಟ್. ಕಳಾವರ್ ರಾಜ ಸಿಕ್ಕಿದವಳು ಪುಣ್ಯವಂತೆ, ನಂಬಿಕಸ್ತ ಗಂಡ ಎಂದೂ ಹೇಳಿದರು. ಇಸ್ಪೀಟ್ ರಾಜನ ವಿಷಯಕ್ಕೆ ಬಂದಾಗ ಸುಮ್ಮನೆ ಎದೆಯ ಮೇಲೆ ಶಿಲುಬೆ ಬರೆದುಕೊಂಡರು.

ಶ್ರೀನಗರದಿಂದ ಅವರು ನಿನ್ನನ್ನು ನೋಡಲು ಬಂದದ್ದು ಅದಾದ ಮೇಲೆ. ಎಣ್ಣೆಗೆಂಪು ಬಣ್ಣ, ದೊಡ್ಡ ಮೂಗು, ಕಚೇರಿಯ ಕೆಲಸ. ಉಪ್ಪಿಟ್ಟಿನಲ್ಲಿ ಉಪ್ಪಿರಲಿಲ್ಲ — ನಾನೇ ಮರೆತಿದ್ದೆ — ಆದರೂ ಎರಡನೇ ಸಲ ಹಾಕಿಸಿಕೊಂಡರು. ಅವರು ಹೊರಟ ಮೇಲೆ ನೀನು ನನ್ನನ್ನು ಸೌದೆಯ ಕೋಣೆಗೆ ಎಳೆದುಕೊಂಡು ಹೋದೆ. ಒಪ್ಪಿಕೊಳ್ಳುವ ಮನಸ್ಸಿದೆ, ಭಯವೂ ಇದೆ, ಎಲೆ ಹಾಕಿ ಹೇಳು ಎಂದೆ. ನಿನ್ನ ಕೆನ್ನೆ ಆಟೀನಿನಷ್ಟೇ ಕೆಂಪಾಗಿತ್ತು.

ಹಾಕಿದೆ. ನಿನ್ನ ಗೋಧಿಬಣ್ಣಕ್ಕೆ ಆಟೀನ್ ರಾಣಿ. ಅವಳ ಬಲಕ್ಕೆ ಅಂಟಿಕೊಂಡಂತೆ ಕಳಾವರ್ ರಾಜ. ಎಡಕ್ಕೆ ಆಟೀನ್ ಎಕ್ಕ — ಅದು ಮನೆ. ನೆತ್ತಿಯ ಮೇಲೆ ಆಟೀನ್ ಒಂಬತ್ತು. ಎಲೆಶಾಸ್ತ್ರ ಬಾರದ ಎಮ್ಮೆಯೂ ಓದಬಹುದಾದಷ್ಟು ಸ್ಪಷ್ಟ. ಇಸ್ಪೀಟ್ ರಾಜ ಎಲ್ಲೋ ಕೊನೆಯ ಸಾಲಿನ ಮೂಲೆಯಲ್ಲಿ, ಇಸ್ಪೀಟ್ ಒಂಬತ್ತನ್ನು ಪಕ್ಕದಲ್ಲಿಟ್ಟುಕೊಂಡು ಬಿದ್ದಿದ್ದ. ದೂರ ಬಿದ್ದ ಎಲೆಗೆ ಬಲ ಕಡಿಮೆ ಅನ್ನುವುದು ಮೇಡಂ ಹೇಳಿದ ಮೊದಲ ಪಾಠ.

ಆಗ ನನ್ನ ಕಣ್ಣು ಬಾಗಿಲಾಚೆಗೆ ಹೋಯಿತು, ಅಕ್ಕ. ರುಬ್ಬುವ ಕಲ್ಲು ಕಂಡಿತು. ಬಾವಿ ಕಂಡಿತು. ನೀನು ಹೊರಟರೆ ರುಬ್ಬುವವಳು ನಾನು, ಸೇದುವವಳು ನಾನು, ಅಜ್ಜಿಯ ಕಾಲು ಒತ್ತುತ್ತಾ ಅವಳ ಸೊಸೆಯಂದಿರ ಪುರಾಣ ಕೇಳುವವಳೂ ನಾನೇ. ಬೆರಳು ತಾನಾಗಿ ಆ ಮೂಲೆಗೆ ಹೋಯಿತು.

"ಇವ್ನೇ ಕಣೇ ಅಕ್ಕ ಅವ್ರು. ಇಸ್ಪೀಟ್ ರಾಜ."

ನೀನು ಬಗ್ಗಿ ನೋಡಿದೆ. "ಅವ್ರು ಅಷ್ಟೊಂದು ಕಪ್ಪಿಲ್ವಲ್ಲೇ?"

"ಪೌಡರ್ ಹಾಕ್ಕೊಂಡ್ ಬಂದಿದ್ರು," ಎಂದೆ.

ಈಗ ದೂರ ಇದ್ದಾನೆ, ತಾಳಿ ಬಿದ್ದ ಮೇಲೆ ಒಂಬತ್ತನ್ನು ಕರೆದುಕೊಂಡು ಹತ್ತಿರ ಬರುತ್ತಾನೆ ಎಂದು ಇನ್ನೊಂದು ಸೇರಿಸಿದೆ. ಹಾಗಾದರೆ ಪಕ್ಕದಲ್ಲಿರುವವನು ಯಾರು ಎಂದು ನೀನು ಕಳಾವರ್ ರಾಜನನ್ನು ತೋರಿಸಿದೆ. ಅವನು ಬೇರೆಯವನು, ಮುಂದೆ ಬರುತ್ತಾನೆ, ಕಾಯಬೇಕು — ಅಂದುಬಿಟ್ಟೆ. ಒಂದೇ ಒಂದು ಎಲೆಯನ್ನೂ ಕದಲಿಸಲಿಲ್ಲ ನಾನು. ರಾಜನ ಜಾತಿ ಮಾತ್ರ ಬದಲಾಯಿಸಿದೆ.

ನೀನು ಬೇಡವೆಂದೆ. ಅಪ್ಪ ಮುಖ ಮುಚ್ಚಿಕೊಂಡು ಶ್ರೀನಗರಕ್ಕೆ ಹೋದರು, ಬರುವಾಗ ಅರಳಿದ ಮುಖದಲ್ಲಿ ಬಂದರು. ಕಾಫಿ ಕೊಟ್ಟ ಚಿಕ್ಕವಳಾದರೂ ಆದೀತು ಎಂದಿದ್ದರಂತೆ ಅವರ ತಾಯಿ. ರುಬ್ಬುವ ಕಲ್ಲಿನಿಂದ ತಪ್ಪಿಸಿಕೊಳ್ಳಲು ಹೊರಟ ನನಗೆ ಶ್ರೀನಗರದಲ್ಲಿ ಅದರ ಎರಡರಷ್ಟು ದೊಡ್ಡ ಕಲ್ಲು ಕಾದಿತ್ತು. ನಗಬೇಕೆನಿಸಿದರೆ ನಗು.

ಆದರೆ ಅಕ್ಕ — ಅಪ್ಪ ಬಂದು ಹೇಳಿದಾಗ ನಾನು ಬೇಡ ಅನ್ನಲಿಲ್ಲ. ಕೆಲಸಕ್ಕೆ ಹೆದರಿ ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಉಪ್ಪಿಲ್ಲದ ಉಪ್ಪಿಟ್ಟು ತಿಂದು ನನ್ನ ಕಡೆ ನೋಡಿ ಅವರು ನಕ್ಕಿದ್ದರು, ಅದನ್ನು ನಾನು — ಇರಲಿ. ಅದೂ ಇತ್ತು. ಬರೆಯಲೇಬೇಕು, ಅದೂ ಇತ್ತು.

ಮದುವೆಯ ಹಿಂದಿನ ದಿನ ನೀನು ಅಳುತ್ತಾ ಬಂದೆ. "ಗೊತ್ತಿದ್ದೂ ಯಾಕೇ ಒಪ್ಕೊಂಡೆ? ನಮ್ ಮನೆ ಮರ್ಯಾದೆಗೋಸ್ಕರಾನಾ?" ಎಂದೆ. ನಾನು ತಲೆ ತಗ್ಗಿಸಿದೆ. ಅದನ್ನು ನೀನು ತ್ಯಾಗ ಎಂದು ತಿಳಿದೆ. ಅಂದಿನಿಂದ ಶುಕ್ರವಾರ ಬಂದರೆ ಬನಶಂಕರಮ್ಮನ ಗುಡಿಗೆ ನಡೆದು ಹೋಗಿ ನನ್ನ ಸೌಭಾಗ್ಯಕ್ಕೆಂದು ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೀಯ. ಇಷ್ಟು ವರ್ಷದಲ್ಲಿ ನನ್ನ ಯಜಮಾನರಿಗೆ ಬಂದ ದೊಡ್ಡ ಕಂಟಕವೆಂದರೆ ಒಂದು ದವಡೆಹಲ್ಲು. ಅದಕ್ಕೂ ನೀನು ನನ್ನನ್ನು ಮೂಲೆಗೆ ಕರೆದು "ಒಂಬತ್ತು ಕಣೇ" ಎಂದು ಕಿವಿಯಲ್ಲಿ ಹೇಳಿದೆ. ನೀನು ಅವರಿಗೆ ಮುಖ ತಿರುಗಿಸಿಕೊಂಡೇ ಬಡಿಸುತ್ತೀಯ. ನಿಮ್ಮಕ್ಕನಿಗೆ ನನ್ನ ಕಂಡರಾಗದು ಎಂದು ಪಾಪ ಅವರು ಬೇಜಾರು ಮಾಡಿಕೊಳ್ಳುತ್ತಾರೆ.

ನೀನೋ, ಬಂದ ವರಗಳನ್ನೆಲ್ಲ ಕಿಟಕಿ ಸಂದಿಯಿಂದ ನೋಡಿ ವಾಪಸು ಕಳಿಸಿದೆ. ಒಬ್ಬನಿಗೆ ಬಿಳುಪು ಹೆಚ್ಚಾಯಿತು, ಡೈಮಂಡು. ಇನ್ನೊಬ್ಬ ಗೋಧಿ, ಆಟೀನು. ಒಬ್ಬ ಎಣ್ಣೆಗೆಂಪಿನವನು ಬಂದಿದ್ದ — ಬಿಸಿಲಲ್ಲಿ ನಡೆದು ಬಂದಿದ್ದಾನೆ, ನಿಜವಾದ ಬಣ್ಣವಲ್ಲ ಎಂದೆ ನೀನು. ಅಪ್ಪ ನಿನ್ನನ್ನು ಜಂಬಗಾತಿ ಎಂದು ಬೈಯುವಾಗ ನಾನು ಅಲ್ಲೇ ಕುಳಿತು ಕೋಡುಬಳೆ ತಿನ್ನುತ್ತಿದ್ದೆ.

ಮೊನ್ನೆ ನೀನು ಬಂದು ಹೇಳಿದೆ. ಬನಶಂಕರಿ ಕಡೆಯ ಮೇಷ್ಟ್ರು, ಹೆಂಡತಿ ತೀರಿಕೊಂಡವರು, ನೀನು ಕಲಿಸುವ ಶಿಶುವಿಹಾರದ ಮಕ್ಕಳ ಹಾಡು ಕೇಳಲು ಬೇಲಿ ಹತ್ತಿರ ನಿಲ್ಲುವವರು. ಬಾಯಿಬಿಟ್ಟು ಕೇಳಿದ್ದಾರೆ. ನಿನಗೂ ಮನಸ್ಸಿದೆ — ಹೇಳುವಾಗ ಸೆರಗಿನ ತುದಿ ತಿರುಚುತ್ತಿದ್ದೆ. ಆದರೆ ಅಚ್ಚಕಪ್ಪು ಕಣೇ, ಒಂದ್ಸಲ ಎಲೆ ಹಾಕು, ಬೇಡ ಅಂದ್ರೆ ಬಿಟ್ಬಿಡ್ತೀನಿ ಎಂದೆ.

ನಾನು ಎಲೆ ಕೈಗೆ ತೆಗೆದುಕೊಂಡೆ. ಒಳ್ಳೆಯದನ್ನೇ ಹೇಳಿಬಿಡೋಣ, ಆ ಸುಳ್ಳಿಗೆ ಈ ಸುಳ್ಳು ಸರಿಹೋಗಲಿ ಅನ್ನಿಸಿತು. ಆದರೆ ಮತ್ತೆ ಒಂದು ಸಲ ನಿನ್ನ ಬದುಕನ್ನು ನಾನೇ ತೀರ್ಮಾನಿಸಿಬಿಡುವುದೇ? ತಲೆನೋವೆಂದು ನಿನ್ನನ್ನು ಕಳಿಸಿಬಿಟ್ಟೆ.

ನೀನು ಕಾಯುತ್ತಿರುವ ಕಳಾವರ್ ರಾಜ ಯಾವಾಗಲೋ ಬಂದು ಹೋದ, ಅಕ್ಕ. ಅವನನ್ನು ನಾನು ಮದುವೆಯಾಗಿದ್ದೇನೆ. ಕಿತ್ತುಕೊಂಡದ್ದನ್ನು ಕೊಡಲಾರೆ, ಕೊಡಲಾರೆನಲ್ಲ ಎಂದು ನನ್ನೊಳಗೆ ಒಂದು ಕಡೆ ಸಮಾಧಾನವೂ ಆಗುತ್ತದೆ, ಅದಕ್ಕೆ ಇನ್ನಷ್ಟು ನಾಚಿಕೆ.

ಮೇಷ್ಟ್ರು ಯಾವ ಎಲೆಯೆಂದು ನಾನು ಹೇಳುವುದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ನನಗೆ ಉತ್ತರ ಬರೆಯಬೇಡ. ಅವರಿಗೆ ಬರೆ.