ಊರಿನ ಮಕ್ಕಳಿಗೆಲ್ಲ ಸಿಗಡಿ ಅಲರ್ಜಿ

ಉಮಾವತಿ ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಇನ್ನೊಮ್ಮೆ ಎಳೆಯುತ್ತಾರೆ. ಕುಂದಾಪುರ ಮತ್ತು ಬೈಂದೂರಿನ ನಡುವೆ, ಹೆದ್ದಾರಿಗೆ ತಾಗಿದ ಒಂದು ಪದವಿಪೂರ್ವ ಕಾಲೇಜಿನ ಕಚೇರಿಯಲ್ಲಿ ಅವರು ದ್ವಿತೀಯ ದರ್ಜೆ ಸಹಾಯಕಿ. ಮನೆ ನಾವುಂದದಲ್ಲಿ. ಗಂಡ ಭೋಜ ದೋಣಿಗೆ ಹೋಗುವವರು. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಉಮಾವತಿ ಕೂರುವುದು ಅಂಚಿನಲ್ಲಿ, ಇಳಿಯುವ ನಿಲ್ದಾಣ ಎಲ್ಲಿ ತಪ್ಪಿಹೋಗುವುದೋ ಎಂಬಂತೆ.

ಇಂಥವರು ಯಂತ್ರವನ್ನು ನಂಬುವುದು ಸುಲಭವಲ್ಲ. ಆದರೂ ಕೈಬರಹದ ಬೇಸರ ಅವರನ್ನು ಅಲ್ಲಿಗೆ ತಂದಿತ್ತು. ಪ್ರತಿ ಜೂನ್ ತಿಂಗಳಲ್ಲಿ ಒಂದೇ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜನ್ಮದಿನಾಂಕವನ್ನು ಬಸ್ ಪಾಸಿಗೆ, ಕ್ರೀಡಾಕೂಟಕ್ಕೆ, ವಿದ್ಯಾರ್ಥಿವೇತನಕ್ಕೆ ಬೇರೆ ಬೇರೆಯಾಗಿ ಬರೆಯಬೇಕು. ಹೀಗೆ ನಾನೂರಕ್ಕೂ ಮಿಕ್ಕಿದ ಮಕ್ಕಳಿಗೆ. ಕಂಪ್ಯೂಟರ್ ಸೈನ್ಸ್ ಉಪನ್ಯಾಸಕ ಅಜಿತ್ ಬೇಸಿಗೆ ರಜೆಯಲ್ಲಿ ಸಿಬ್ಬಂದಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಟ್ಟಾಗ, ಕೊನೆಯ ದಿನದವರೆಗೂ ಉಳಿದವರು ಉಮಾವತಿ ಒಬ್ಬರೇ.

ಈ ವರ್ಷ ಅವರಿಗೆ ಸಂದರ್ಭ ಸಿಕ್ಕಿತು. ಗುರುವಾರ ಕಾಲೇಜಿನಲ್ಲಿ ಧನುರ್ವಾತ ಮತ್ತು ಗಂಟಲುಮಾರಿ ತಡೆಯುವ ಚುಚ್ಚುಮದ್ದಿನ ಶಿಬಿರ. ಶಿಬಿರದವರು ಒಪ್ಪಿಗೆ ಪತ್ರದ ಪಿಡಿಎಫ್ ಕಳುಹಿಸಿದ್ದರು. ವಿದ್ಯಾರ್ಥಿಯ ವಿವರ ತುಂಬಿ, ಮುದ್ರಿಸಿ, ಪಾಲಕರ ಸಹಿ ಪಡೆದು ಅಂದು ಕೊಡಬೇಕು. ಕಾಲೇಜಿನ ಎಕ್ಸೆಲ್ ಹಾಳೆಯಲ್ಲಿ ಎಲ್ಲರ ವಿವರವೂ ಇತ್ತು. ಪೈಪಿಡಿಎಫ್ ಎಂಬ ಉಚಿತ ಸಲಕರಣೆಯಿಂದ ಹಾಳೆಯ ಒಂದೊಂದು ಸಾಲನ್ನೂ ಓದಿ, ಪತ್ರದ ಅಂಕಣಗಳಲ್ಲಿ ತುಂಬಿ, ನೋಂದಣಿ ಸಂಖ್ಯೆಯ ಹೆಸರಿನಲ್ಲಿ ಉಳಿಸುವ ಪ್ರೋಗ್ರಾಂ ಒಂದನ್ನು ಉಮಾವತಿ ಬರೆದರು.

ಅಷ್ಟು ಸರಾಗವಾಗಿ ಏನೂ ಆಗಲಿಲ್ಲ. ಪತ್ರವನ್ನು ಮಾಡಿದವರು ಅಂಕಣಗಳಿಗೆ ಒಳಗಿನಿಂದ ಕೊಟ್ಟ ಹೆಸರುಗಳಿಗೆ ಅರ್ಥವೇ ಇರಲಿಲ್ಲ. ಅಲರ್ಜಿಯ ಅಂಕಣದ ಹೆಸರು ‘ಟೆಕ್ಸ್ಟ್ ಹದಿನಾಲ್ಕು’. ಕನ್ನಡದಲ್ಲಿ ತುಂಬಿದ ಹೆಸರು ಮೂಡಲೇ ಇಲ್ಲ. ಪತ್ರದೊಳಗಿನ ಅಕ್ಷರಶೈಲಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಎಲ್ಲವೂ ಇಂಗ್ಲಿಷ್ ದೊಡ್ಡಕ್ಷರಕ್ಕೆ ಹೋಯಿತು. ಹಾಳೆಯಲ್ಲಿ ಖಾಲಿಯಿದ್ದ ಕಡೆಯೆಲ್ಲ ಪತ್ರದಲ್ಲಿ ‘ನ್ಯಾನ್’ ಎಂಬ ಮೂರು ಇಂಗ್ಲಿಷ್ ಅಕ್ಷರ ಅಚ್ಚಾಗತೊಡಗಿತು. ಮಾಹಿತಿ ಇಲ್ಲ ಎನ್ನುವುದಕ್ಕೆ ಯಂತ್ರ ಬಳಸುವ ಗುರುತದು. ಉಮಾವತಿ ಒಂದು ಸಾಲು ಸೇರಿಸಿದರು: ಖಾಲಿ ಇದ್ದರೆ ಆ ಅಂಕಣವನ್ನು ಮುಟ್ಟದೆ ಮುಂದೆ ಹೋಗು. ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಪ್ರತಿ ಸಲವೂ ಮೂಲ ಪತ್ರವನ್ನು ತೆರೆಯುವುದು ತಡವೆನಿಸಿ, ಅದನ್ನು ಒಮ್ಮೆ ಮಾತ್ರ ತೆರೆದು, ಅದೇ ಪ್ರತಿಯ ಮೇಲೆ ಒಬ್ಬರಾದ ಮೇಲೆ ಒಬ್ಬರನ್ನು ತುಂಬಿ ಉಳಿಸುವಂತೆ ಮಾಡಿದರು. ಮೊದಲ ಹತ್ತು ಪತ್ರಗಳನ್ನು ತೆರೆದು ಹಾಳೆಯ ಜೊತೆ ಹೋಲಿಸಿದರು. ಎಲ್ಲವೂ ಸರಿ. ಅಜಿತ್ ಕೂಡ ಬಂದು ನೋಡಿ, “ಬಾರೀ ಲಾಯ್ಕಾಯ್ತ್ ಉಮಕ್ಕ, ಇನ್ನ್ ನೀವೇ ನಂಗೆ ಕಲ್ಸಿ” ಎಂದು ಹೋದರು.

ಸೋಮವಾರ ಪತ್ರಗಳು ಮನೆಗಳಿಗೆ ಹೋದವು. ಮಂಗಳವಾರ ಸಹಿಯಾಗಿ ಕಟ್ಟುಗಟ್ಟಲೆ ಮರಳಿದವು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಸರಸ ನಿಂತಿದ್ದರು. ಸರಸ ಮೀನು ಮಾರುವವರು, ಉಮಾವತಿಯ ನೆರೆಮನೆಯವರು. ಮಗಳು ಧನ್ಯಶ್ರೀ ಇಲ್ಲಿಯೇ ಪ್ರಥಮ ಪಿಯುಸಿ.

“ಹ್ವಾಯ್ ಉಮಕ್ಕ, ನಮ್ಮ್ ಹೆಣ್ಣಿಗ್ ಚಟ್ಲಿ ಆತಿಲ್ಲೆ ಅಂದ್ ಯಾರ್ ಹೇಳದ್ ನಿಮ್ಗೆ?”

“ಎಂತ ಚಟ್ಲಿ?”

“ಎಂತ ಚಟ್ಲಿ ಅಂದ್ ನಂಗ್ ಕೇಂತ್ರಿಯಾ? ನಿಮ್ ಕಾಗ್ದದಗ್ ಬರ್ದಿತ್ತ್ ಕಾಣಿ. ತಿಂದ್ರೆ ಮೈ ತುರ್ಸತ್ತ್ ಅಂಬ್ರ್. ನಿನ್ನೆ ಒಬ್ಳೇ ಅರ್ಧ ಪಾತ್ರಿ ಚಟ್ಲಿ ಸುಕ್ಕ ಖಾಲಿ ಮಾಡಿತ್ ಅದ್. ಮೀನ್ ಮಾರುವರ್ ಮನಿ ಹೆಣ್ಣಿಗ್ ಚಟ್ಲಿ ಆತಿಲ್ಲೆ ಅಂದ್ರೆ ನಾಳೆ ಗಂಡ್ ಎಲ್ಲ್ ಸಿಕ್ಕತ್ತ್ ಮಾರಾಯ್ತಿ?”

ಉಮಾವತಿಗೆ ನಗು ಬರಲಿಲ್ಲ. ಧನ್ಯಶ್ರೀಯ ಪತ್ರದ ಅಲರ್ಜಿ ಅಂಕಣದಲ್ಲಿ ಚಟ್ಲಿ, ಅಂದರೆ ಸಿಗಡಿ, ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು. ಎಕ್ಸೆಲ್ ಹಾಳೆಯಲ್ಲಿ ಅವಳ ಸಾಲು ಖಾಲಿ. ಹಿಂದಿನ ಪತ್ರ ತೆಗೆದರು: ಸಿಗಡಿ. ಅದರ ಹಿಂದಿನದು: ಸಿಗಡಿ. ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿದರು. ಪಟ್ಟಿಯಲ್ಲಿ ಮೊದಲಿಗೆ ಅಲರ್ಜಿ ಇದ್ದವಳು ಬ್ರಹ್ಮಾವರದಿಂದ ಬರುವ ಶ್ರಾವ್ಯ. ಅವಳಿಗೆ ಸಿಗಡಿ ಆಗದಿರುವುದು ನಿಜ. ಅವಳಿಂದಾಚೆ, ಹಾಳೆಯಲ್ಲಿ ಖಾಲಿಯಿದ್ದ ಪ್ರತಿ ಮಗುವಿಗೂ ಅವಳ ಸಿಗಡಿ ಅಂಟಿಕೊಂಡಿತ್ತು. ಎಷ್ಟೋ ಪತ್ರಗಳ ನಂತರ ಧೂಳಿನ ಅಲರ್ಜಿಯ ಹುಡುಗನೊಬ್ಬ ಬಂದ; ಅಲ್ಲಿಂದ ಮುಂದೆ ಎಲ್ಲರಿಗೂ ಧೂಳು.

ಕಾರಣ ತಿಳಿಯಲು ಅಜಿತ್‌ಗೆ ಎರಡು ನಿಮಿಷ ಸಾಕಾಯಿತು. “ಉಳ್ಸ್ರೆ ಪ್ರತಿ ಖಾಲಿ ಆತಿಲ್ಲೆ ಉಮಕ್ಕ. ಶ್ರಾವ್ಯಂದ್ ತುಂಬಿ ಉಳ್ಸಿದ್ರಿ. ಮುಂದಿನವ್ರ್ ಹೆಸ್ರ್ ಬಂದ್ ಅವ್ಳ್ ಹೆಸ್ರನ್ನ ಅಳ್ಸಿತ್. ಅಲರ್ಜಿ ಖಾಲಿ ಇದ್ದದ್ದಕ್ಕೆ ಮುಟ್ಲಿಲ್ಲೆ. ಹಳೇದ್ ಹಾಂಗೇ ಕೂಕಂಡಿತ್. ನಾನೂ ಕಂಡದ್ ಸುರುವಿನ ಹತ್ತೇ ಅಲ್ದಾ?”

ಹೆಸರು ಎಲ್ಲರಿಗೂ ಇದ್ದೇ ಇರುತ್ತದೆ, ಜನ್ಮದಿನಾಂಕವೂ ಹಾಗೆಯೇ. ಹಾಗಾಗಿ ಅವು ಪ್ರತಿ ಪತ್ರದಲ್ಲೂ ಸರಿಯಾಗಿ ಬದಲಾಗಿದ್ದವು, ಮತ್ತು ಸರಿಯಾದ ಹೆಸರಿನ ಕೆಳಗಿದ್ದ ತಪ್ಪನ್ನು ಯಾರೂ ಸಂಶಯಿಸಲಿಲ್ಲ. ಮೊದಲ ಹತ್ತರಲ್ಲಿ ತಪ್ಪು ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅಂಟಿಕೊಳ್ಳಲು ಆಗಿನ್ನೂ ಏನೂ ಬಂದಿರಲಿಲ್ಲ. ಪರೀಕ್ಷೆ ನಡೆದದ್ದು ತಪ್ಪು ಸುಳಿಯಲಾರದ ಜಾಗದಲ್ಲಿ.

ಉಮಾವತಿಯನ್ನು ಹೆಚ್ಚು ಕಂಗೆಡಿಸಿದ್ದು ಪ್ರೋಗ್ರಾಂ ಅಲ್ಲ, ಸಹಿಗಳು. ಮರಳಿದ ಪತ್ರಗಳಲ್ಲಿ ಎಲ್ಲ ಪಾಲಕರೂ ‘ಮೇಲಿನ ವಿವರ ಸತ್ಯ’ ಎಂಬುದರ ಕೆಳಗೆ ಸಹಿ ಹಾಕಿದ್ದರು. ದಿನವೂ ಮೀನು ತಿನ್ನುವ ಅಷ್ಟು ಮನೆಗಳಲ್ಲಿ ಓದಿ ಕೇಳಲು ಬಂದವರು ಸರಸ ಒಬ್ಬರೇ.

ಪ್ರಾಂಶುಪಾಲ ರಾಘವೇಂದ್ರರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. “ಉಮಾವತಿಯವ್ರೇ, ನಾಡಿದ್ ಶಿಬಿರ. ಇನ್ನೊಂದ್ ಸಲ ಮನೆಗ್ ಕಳ್ಸುಕ್ ಆತಿಲ್ಲೆ. ಅಲರ್ಜಿ ಇದ್ದಲ್ಲೆಲ್ಲ ಪೆನ್ನಂಗೆ ಗೀಟ್ ಎಳ್ದ್ ಬಿಡಿ.”

“ಶ್ರಾವ್ಯಂದೂ ಗೀಟ್ ಹಾಕುದಾ ಸರ್?”

“ಅದೊಂದ್ ಬಿಡಿ.”

“ಯಾವ್ದ್ ಬಿಡುದ್, ಯಾವ್ದ್ ಹೊಡಿಯುದ್ ಅಂದ್ ಹಾಳಿ ಕಂಡೇ ಹೇಳ್ಕಲ್ದಾ ಸರ್? ಹಂಗಾರೆ ಹೊಸ್ತೇ ತೆಗ್ದ್ ಕೊಡ್ತೆ. ಮಕ್ಕಳ್ ಇವತ್ತೇ ತಕಂಡ್ ಹೋಗ್ಲಿ.”

ಪ್ರಾಂಶುಪಾಲರು ಒಪ್ಪಿದರು. ಪ್ರತಿ ವಿದ್ಯಾರ್ಥಿಗೂ ಮೂಲ ಪತ್ರವನ್ನೇ ಹೊಸದಾಗಿ ತೆರೆಯುವಂತೆ ಉಮಾವತಿ ಪ್ರೋಗ್ರಾಂ ತಿದ್ದಿದರು. ಖಾಲಿಯಿದ್ದಲ್ಲಿ ಖಾಲಿಯನ್ನೇ ಬರೆಯುವಂತೆಯೂ ಮಾಡಿದರು. ಈ ಸಲ ಮಧ್ಯದಿಂದ, ಕೊನೆಯಿಂದ, ಅಲರ್ಜಿ ಇರುವ ಪ್ರತಿಯೊಬ್ಬರ ನಂತರದ ಪತ್ರದಿಂದ ತೆಗೆದು ನೋಡಿದರು. ಸರಿಯಾಗಿತ್ತು. ಧನ್ಯಶ್ರೀಯ ಅಂಕಣ ಖಾಲಿ, ಹಿಂದಿನವನದೂ ಖಾಲಿ, ಮುಂದಿನವಳದೂ ಖಾಲಿ.

ಮುದ್ರಣಕ್ಕೆ ಕೊಡಲು ಕೈ ಹೋಗಿ ನಿಂತಿತು. ಖಾಲಿ ಎಂದರೆ ಏನು? ಪ್ರವೇಶದ ಸಮಯದಲ್ಲಿ ಆ ಹಾಳೆಯನ್ನು ಟೈಪು ಮಾಡಿದವರು ಅವರೇ. ಅರ್ಜಿಯಲ್ಲಿ ಅಲರ್ಜಿಯ ಎದುರು ‘ಇಲ್ಲ’ ಎಂದು ಬರೆದವರಿದ್ದರು. ಅದನ್ನು ಟೈಪು ಮಾಡದೆ ಬಿಟ್ಟಿದ್ದರು, ಇಲ್ಲದ್ದನ್ನು ಟೈಪು ಮಾಡುವುದೇಕೆ ಎಂದು. ಏನನ್ನೂ ಬರೆಯದೆ ಬಿಟ್ಟವರೂ ಇದ್ದರು; ಅವರದನ್ನೂ ಬಿಟ್ಟಿದ್ದರು. ಹಾಳೆಯಲ್ಲಿ ಈಗ ಎರಡೂ ಒಂದೇ. ಪ್ರೋಗ್ರಾಮಿನ ತಪ್ಪು ಹೋದ ಮೇಲೂ ಈ ತಪ್ಪು ಉಳಿದಿತ್ತು, ಮತ್ತು ಇದು ಸಿಗಡಿಯಂತೆ ಕಣ್ಣಿಗೆ ಹೊಡೆಯುವಂಥದ್ದಲ್ಲ. ಚುಚ್ಚುವ ನರ್ಸ್ ಖಾಲಿ ಅಂಕಣವನ್ನು ‘ಇಲ್ಲ’ ಎಂದೇ ಓದುತ್ತಾರೆ.

“ಬಿಡಿ ಉಮಕ್ಕ, ಅವ್ರ್ ಚುಚ್ಚುಕ್ ಮುಂಚೆ ಬಾಯಲ್ಲೂ ಕೇಂತ್ರ್” ಎಂದರು ಅಜಿತ್.

“ನಾನೂರ್ ಮಕ್ಕಳ್ ಸಾಲಂಗ್ ನಿಂತಿರತ್ತೊ. ಹಿಂದಿನವ್ರ್ ದೂಡ್ತಿರ್ತೊ. ಯಾರ್ ಕೇಂತ್ರ್, ಯಾರ್ ಹೇಳ್ತ್ರ್?”

ಉಮಾವತಿ ಕಪಾಟಿನಿಂದ ಪ್ರವೇಶದ ಅರ್ಜಿಗಳನ್ನು ಇಳಿಸಿದರು. ಅಜಿತ್ ಕುರ್ಚಿ ಎಳೆದುಕೊಂಡರು. ‘ಇಲ್ಲ’ ಎಂದು ಬರೆದಿದ್ದವರ ಸಾಲಿನಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ‘ಇಲ್ಲ’ ಎಂದು ಟೈಪು ಮಾಡಿದರು, ಏನೂ ಬರೆಯದವರ ಹೆಸರನ್ನು ಇನ್ನೊಬ್ಬರು ಬೇರೆ ಕಾಗದಕ್ಕೆ ಇಳಿಸಿದರು. ಮೂವತ್ತರಷ್ಟು ಮಕ್ಕಳು ಉಳಿದರು. ಅವರನ್ನು ತರಗತಿಯಲ್ಲಿ ಎದ್ದು ನಿಲ್ಲಿಸುವುದು ಉಮಾವತಿಗೆ ಒಪ್ಪಿಗೆಯಾಗಲಿಲ್ಲ. ಬುಧವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಕಚೇರಿಗೆ ಕರೆದು ಕೇಳಿದರು. ಹೆಚ್ಚಿನವರು ಭುಜ ಕುಣಿಸಿ ‘ಎಂತದೂ ಇಲ್ಲೆ’ ಎಂದರು. ಕೆಲವರು ಮನೆಗೆ ಫೋನು ಮಾಡಿ ಕೇಳಿದರು.

ಬೈಂದೂರಿನ ಕಡೆಯ ಮುತ್ತು ಎಂಬ ಹುಡುಗನೂ ಎಂತದೂ ಇಲ್ಲೆ ಎಂದ. ಬಾಗಿಲವರೆಗೆ ಹೋಗಿ ತಿರುಗಿದ.

“ಇಂಜೆಕ್ಷನ್ ಕೊಟ್ಟಾಗ ಮುಖ ಬಾತದ್ ಲೆಕ್ಕವಾ ಮೇಡಂ?”

“ಯಾವಾಗ?”

“ಆರನೇ ಕ್ಲಾಸಂಗೆ. ಕಾಲಿಗ್ ಬಾವು ಬಂದಿತ್. ಅಜ್ಜಿ ಆಸ್ಪತ್ರಿಗ್ ಕರ್ಕಂಡ್ ಹೋಯಿದ್ರ್. ಉಸ್ರ್ ಕಟ್ಟಿ, ಒಂದ್ ರಾತ್ರಿ ಅಲ್ಲೇ ಇರ್ಸ್ಕಂಡಿದ್ರ್.”

“ಎಂತ ಇಂಜೆಕ್ಷನ್?”

“ಗೊತ್ತಿಲ್ಲೆ.”

ಅವನ ಹಳೆಯ ಪತ್ರ ಕಟ್ಟಿನಲ್ಲಿತ್ತು. ಸಿಗಡಿ ಎಂದು ಅಚ್ಚಾಗಿತ್ತು, ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಉಮಾವತಿ ಅದನ್ನು ಹರಿದು, ಹೊಸದರಲ್ಲಿ ಅವನು ಹೇಳಿದಷ್ಟನ್ನೇ ತುಂಬಿದರು: ಹೆಸರು ತಿಳಿಯದ ಚುಚ್ಚುಮದ್ದಿನಿಂದ ಮುಖ ಊದಿ ಉಸಿರು ಕಟ್ಟಿತ್ತು.

ಹೊಸ ಪತ್ರಗಳು ಬುಧವಾರ ಸಂಜೆ ಮನೆಗಳಿಗೆ ಹೋಗಿ ಮರುದಿನ ಬೆಳಿಗ್ಗೆ ಸಹಿಯಾಗಿ ಬಂದವು. ಗುರುವಾರ ಮುತ್ತುವಿನ ಪತ್ರ ಓದಿದ ವೈದ್ಯೆ ಅವನನ್ನು ಸಾಲಿನಿಂದ ಬದಿಗೆ ಕರೆದರು. ಹಳೆಯ ಆಸ್ಪತ್ರೆ ಚೀಟಿ ಹಿಡಿದುಕೊಂಡು ತಾಲೂಕು ಆಸ್ಪತ್ರೆಗೆ ಬಾ, ಅಲ್ಲಿ ನೋಡಿ ಕೊಡೋಣ ಎಂದರು. ಅಂದು ಚುಚ್ಚಿದ್ದರೆ ಏನಾದರೂ ಆಗುತ್ತಿತ್ತೇ ಎಂಬುದು ಯಾರಿಗೂ ತಿಳಿಯದು. ಬಹುಶಃ ಏನೂ ಆಗುತ್ತಿರಲಿಲ್ಲ. ಬಾವು ಬಂದಾಗ ಕೊಟ್ಟ ಔಷಧ ಬೇರೆ, ಈ ಲಸಿಕೆ ಬೇರೆ. ಪ್ರಾಂಶುಪಾಲರು ಇದನ್ನು ಎರಡು ಸಲ ಹೇಳಿದರು. ಉಮಾವತಿ ಸಾಲು ಮುಗಿಯುವವರೆಗೂ ಮೇಜಿನ ಪಕ್ಕದಲ್ಲಿ ನಿಂತೇ ಇದ್ದರು.

ಆ ವಾರವೇ ಅವರು ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದರು. ಅಲರ್ಜಿಯ ಕೋಶ ಖಾಲಿಯಿದ್ದರೆ ಅದು ಈಗ ಮುಂದೆ ಹೋಗುವುದಿಲ್ಲ. ನೋಂದಣಿ ಸಂಖ್ಯೆ ತೋರಿಸಿ ನಿಲ್ಲುತ್ತದೆ. ಆಗಸ್ಟಿನಲ್ಲಿ, ತಡವಾಗಿ ಸೇರಿದವರೂ ಕೂಡಿ ಕ್ರೀಡಾಕೂಟದ ಆರೋಗ್ಯ ಪತ್ರಗಳನ್ನು ತುಂಬುವಾಗ ಅದು ನಿಂತಿತು. ಮನೆಯವರನ್ನು ಕೇಳಿ ಆ ಕೋಶ ತುಂಬಿದರೆ ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು.

ಅಜಿತ್ ಹಿಂದಿನಿಂದ ಇಣುಕಿದರು. “ನಿಮ್ ಪ್ರೋಗ್ರಾಂ ಓಡುದ್ಕಿಂತ ನಿಲ್ಲುದೇ ಹೆಚ್ಚಲ್ದಾ ಉಮಕ್ಕ? ಕೈಯಂಗೇ ಬರ್ದಿದ್ರೆ ಇಷ್ಟೊತ್ತಿಗ್ ಮುಗೀತಿತ್.”

“ಕೈಯಂಗಾರೆ ನಾ ನಿಲ್ತಿರ್ಲಿಲ್ಲೆ ಸರ್” ಎಂದ ಉಮಾವತಿ ಆಗಲೇ ಫೋನು ಕಿವಿಗಿಟ್ಟಿದ್ದರು. “ಹಲೋ, ನಿತೇಶನ ಮನಿಯಾ? ಕಾಲೇಜಿಂದ. ಹೆದ್ರ್‌ಬೇಡಿ, ಎಂತದೂ ಆಯ್ಲಿಲ್ಲೆ. ಒಂದ್ ವಿಷ್ಯ ಕೇಣ್ಕಿತ್ತ್.”