ನಾಲ್ಕು ಪತ್ರಗಳ ಮೇಲೆ ಐದನೆಯದು

ಮೂರು ಸುತ್ತು ಸಂದರ್ಶನ ಮುಗಿಸಿದ್ದೆ. ಔಷಧ ಕಂಪನಿಯ ನೇಮಕಾತಿ ಮೇಡಂ ನನ್ನ ಅಂಕಪಟ್ಟಿಗಳನ್ನೂ ತರಿಸಿಕೊಂಡು, "ಇನ್ನೊಂದು ವಾರದಲ್ಲಿ ತಿಳಿಸುತ್ತೇವೆ" ಎಂದಿದ್ದರು. ಆಮೇಲೆ ಸದ್ದೇ ಇಲ್ಲ. ಒಂದೂವರೆ ತಿಂಗಳಲ್ಲಿ ನಾಲ್ಕು ಮೇಲ್ ಹಾಕಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇಂಥ ಪತ್ರ ಬರೆಯುವುದು ಹೇಗೆಂದು ಕೇಳಲು ಯಾರಿದ್ದರು? ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಧಾಟಿಯಲ್ಲೇ ಬರೆದೆ. ನಾಲ್ಕನೆಯದರಲ್ಲಂತೂ "ಯಾವ ಹುದ್ದೆಯಾದರೂ ಸರಿ" ಎಂದುಬಿಟ್ಟೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ತಾರ್ನಾಕದ ಒಂದು ಸಣ್ಣ ನೀರು ಪರೀಕ್ಷಾ ಲ್ಯಾಬಿನವರು ಕೆಲಸ ಕೊಡುತ್ತೇವೆಂದರು. ಎರಡು ಸಲ ಸಮಯ ಕೇಳಿದ್ದೆ. "ಶುಕ್ರವಾರ ಸಂಜೆಯೊಳಗೆ ಹೇಳಮ್ಮಾ, ಇಲ್ಲದಿದ್ದರೆ ಬೇರೆಯವರನ್ನು ಕರೆಯುತ್ತೇವೆ" ಎಂದರು ಅಲ್ಲಿನ ಮುಖ್ಯಸ್ಥರು. ಶುಕ್ರವಾರ ಮಧ್ಯಾಹ್ನವೂ ನಾನು ಫೋನನ್ನೇ ನೋಡುತ್ತ ಕುಳಿತಿದ್ದೆ.

"ಆ ಮೇಡಮ್ಮಗ ನೀ ಯಾರಂತ ನೆನಪರ ಐತೇನು?" ಅವ್ವ ರೊಟ್ಟಿ ತಟ್ಟುತ್ತಲೇ ಕುಟುಕಿದಳು.

ಸಿಟ್ಟಿನಲ್ಲಿ ಆ ಮೇಡಂಗೆ ಒಂದು ಮೇಲ್ ಬರೆದು, ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಬಾಲಾನಗರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನು ನಡೆಸುತ್ತಾನೆ. ಮೊದಲ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ.

"ಭಾಳ ಖಾರ ಆತು, ಯವ್ವಾ. ಅಳಸು."

"ಹಂಗಾರ ಸುಮ್ಮನ ಬಿಡ್ಲೇನಪಾ?"

"ಸುಮ್ಮನೂ ಬಿಡಬ್ಯಾಡ. ಮಷೀನಿನ್ಯಾಗ ಕಬ್ಬಿಣದ ತುಂಡು ಸಿಗಿಸಿಟ್ಟು ಮನಿಗೆ ಬರತಾರೇನು? ಬಿಚ್ಚಬೇಕು, ಒರಸಬೇಕು, ಮುಂದಿನ ಪಾಳಿಯವಂಗ 'ನಂದು ಮುಗೀತು' ಅಂತ ಹೇಳಿ ಬರಬೇಕು. ಅಂವ ಹೂಂ ಅನ್ನಲಿ, ಬಿಡಲಿ."

"ಮೊದಲ ಆ ಲ್ಯಾಬಿನವರಿಗೆ ಹೂಂ ಅನ್ನು," ಅವ್ವ ಒಳಗಿನಿಂದ ಕೂಗಿದಳು. "ಒಂದು ಕೈಯಾಗ ಹಿಡದ ಮ್ಯಾಲ ಇನ್ನೊಂದು ಬಿಡು."

ಲ್ಯಾಬಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದೆ. ನೇಮಕಾತಿ ಪತ್ರ ಮೇಲ್‌ನಲ್ಲಿ ಬರುವವರೆಗೆ ಕಾದು, ಸಹಿ ಮಾಡಿ ಕಳಿಸಿದೆ. ಆಮೇಲೆ ಹಳೆಯ ನಾಲ್ಕು ಮೇಲ್‌ಗಳ ಕೆಳಗೇ ಐದನೆಯದನ್ನು ಬರೆದೆ:

"ನಮಸ್ಕಾರ ಮೇಡಂ. ನನ್ನ ಹಿಂದಿನ ಮೇಲ್‌ಗಳಿಗೆ ಉತ್ತರ ಬರದ ಕಾರಣ, ಬೇರೆಯವರ ಆಯ್ಕೆ ಆಗಿರಬಹುದೆಂದು ಭಾವಿಸಿದ್ದೇನೆ. ನಾನು ಬೇರೊಂದು ಕೆಲಸ ಒಪ್ಪಿಕೊಂಡಿದ್ದೇನೆ. ದಯವಿಟ್ಟು ಈ ಹುದ್ದೆಯ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಸಂದರ್ಶನಕ್ಕೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಮುಂದೆ ಹೊಂದುವ ಕೆಲಸವಿದ್ದರೆ ಮಾತಾಡೋಣ."

ಇಂಗ್ಲಿಷಿನಲ್ಲಿ ಬರೆದದ್ದನ್ನು ಅಪ್ಪನಿಗೆ ಹೀಗೆ ಕನ್ನಡದಲ್ಲಿ ಹೇಳಿದೆ. "ಬೇಡಿಕೊಂಡಿಲ್ಲ, ಬೈದಿಲ್ಲ. ಕಳಸು," ಎಂದ.

ಉತ್ತರ ಬರಲಿಲ್ಲ. ಸೋಮವಾರ ಲ್ಯಾಬಿನ ಬಾಗಿಲಲ್ಲಿ ಫೋನನ್ನು ಪೆಟ್ಟಿಗೆಯೊಳಗೆ ಇಟ್ಟು ಹೋಗಬೇಕೆಂದರು. ಇಟ್ಟೆ. ದಿನವಿಡೀ ನೀರಿನ ಮಾದರಿಗಳಿಗೆ ಚೀಟಿ ಅಂಟಿಸಿದೆ. ಸಂಜೆ ಫೋನನ್ನು ಅಲ್ಲೇ ಮರೆತು ಬಸ್ ಸ್ಟಾಪಿನವರೆಗೆ ನಡೆದುಬಿಟ್ಟಿದ್ದೆ.